ಐದೂವರೆ ವರ್ಷದ ‘ತಯಾರಿ’ಯನ್ನು ಕಂಪನಿಯವರಿಗೆ ಹೇಳುವುದು ಹೇಗೆ: ಒಂದು ಪ್ರಕರಣ

ಅಭ್ಯರ್ಥಿಯನ್ನು ಸವಿತಾ ಎಂದು ಕರೆಯೋಣ. ಇದು ಒಬ್ಬರದೇ ಕಥೆಯಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ವರ್ಷಗಟ್ಟಲೆ ಸರ್ಕಾರಿ ಪರೀಕ್ಷೆಗಳಿಗೆ ಓದಿ, ಕೊನೆಗೆ ಖಾಸಗಿ ಕೆಲಸಕ್ಕೆ ಅರ್ಜಿ ಹಾಕುವವರಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದು ಹೆಸರಿನಡಿ ಸೇರಿಸಿದ್ದೇವೆ. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗಳ ದಿನಾಂಕಗಳು ಮಾತ್ರ ನಿಜವಾದವು.

ಸವಿತಾ ಹಾವೇರಿ ಜಿಲ್ಲೆಯವಳು. 2019ರಲ್ಲಿ ಬಿ.ಕಾಂ ಮುಗಿಸಿ ಅದೇ ಜೂನ್‌ನಲ್ಲಿ ಧಾರವಾಡಕ್ಕೆ ಬಂದಳು. ಎಫ್‌ಡಿಎ ಪರೀಕ್ಷೆ 2021ರ ಜನವರಿ 24ಕ್ಕೆ ನಿಗದಿಯಾಗಿತ್ತು. ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಫೆಬ್ರವರಿ 28ಕ್ಕೆ ಹೋಯಿತು. ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಳು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವೆ 2022ರಲ್ಲಿ ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿಯಲ್ಲಿ ಪಾಸಾಗಿ ಮುಖ್ಯ ಪರೀಕ್ಷೆಯಲ್ಲಿ ಫೇಲಾದಳು. 384 ಹುದ್ದೆಗಳ ಕೆಎಎಸ್ ಪೂರ್ವಭಾವಿಯನ್ನು 2024ರ ಆಗಸ್ಟ್ 27ರಂದು ಬರೆದಳು. ಕನ್ನಡ ಪ್ರಶ್ನೆಗಳ ಅನುವಾದದ ಎಡವಟ್ಟಿನಿಂದ ಅದಕ್ಕೂ ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು.

ಆಗಸ್ಟ್ ಪರೀಕ್ಷೆ ಮುಗಿದ ಮೇಲೆ ಆಕೆ ಖಾಸಗಿ ಕೆಲಸ ಹುಡುಕಲು ಶುರುಮಾಡಿದಳು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ 31 ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆದದ್ದು ಒಂದೇ ಕಡೆ, ಅಲ್ಲೂ ಆಗಲಿಲ್ಲ.

31 ಅರ್ಜಿಗಳು ಎಲ್ಲಿ ಸತ್ತವು

ಆ ಅರ್ಜಿಗಳನ್ನು ಹರಡಿಕೊಂಡು ನೋಡಿದರೆ 22 ಅರ್ಜಿಗಳು ‘ಫ್ರೆಷರ್ ಡ್ರೈವ್’ಗಳಿಗೆ ಹೋಗಿದ್ದವು. ಇಂಥ ಜಾಹೀರಾತುಗಳಲ್ಲಿ ‘2023, 2024 ಬ್ಯಾಚ್ ಮಾತ್ರ’ ಎಂದೋ, ‘ಓದಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಬಾರದು’ ಎಂದೋ ಒಂದು ಸಾಲು ಇರುತ್ತದೆ. ಅರ್ಜಿಯಲ್ಲಿ ಪಾಸಾದ ವರ್ಷದ ಕಾಲಂನಲ್ಲಿ 2019 ಎಂದು ತುಂಬಿದ ಕೂಡಲೇ ಅದು ಸೋಸಿ ಹೋಗುತ್ತದೆ. ಯಾರೂ ತೆರೆದು ನೋಡುವುದಿಲ್ಲ. ಗ್ಯಾಪ್‌ಗೆ ಎಷ್ಟು ಚೆಂದದ ವಿವರಣೆ ಬರೆದಿದ್ದರೂ ಅಲ್ಲಿ ಓದುವವರೇ ಇಲ್ಲ. ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಕರೆ ಬರಲಿಲ್ಲವೆಂದು ರೆಸ್ಯೂಮೆಯ ಭಾಷೆಯನ್ನು ಹತ್ತು ಸಲ ತಿದ್ದುತ್ತಾರೆ, ಅರ್ಜಿ ಹಾಕುವ ಜಾಗವನ್ನು ಬದಲಿಸುವುದಿಲ್ಲ.

ವಿವರಣೆ ಕೆಲಸ ಮಾಡುವುದು ಮನುಷ್ಯರು ಓದುವ ಕಡೆ. ಬಿ.ಕಾಂ ಮಾಡಿದವರಿಗೆ ಅಂಥ ಬಾಗಿಲು ಮೂರ್ನಾಲ್ಕು ಇವೆ. ಒಂದು, ಬ್ಯಾಚ್ ಹೆಸರಿಸದೆ ‘0–1 ವರ್ಷ ಅನುಭವ’ ಎಂದಷ್ಟೇ ಕೇಳುವ ಜಾಹೀರಾತುಗಳು. ಎರಡು, ದೊಡ್ಡ ಕಂಪನಿಗಳ ಬ್ಯಾಕ್ ಆಫೀಸ್‌ಗೆ ಜನ ಒದಗಿಸುವ ಏಜೆನ್ಸಿಗಳು. ಅಲ್ಲಿ ಮೊದಲು ಏಜೆನ್ಸಿಯ ಪೇರೋಲ್‌ನಲ್ಲಿ ಗುತ್ತಿಗೆಗೆ ತೆಗೆದುಕೊಳ್ಳುತ್ತಾರೆ. ಮೂರು, ಚಾರ್ಟರ್ಡ್ ಅಕೌಂಟೆಂಟ್ ಕಚೇರಿಗಳು. ಸಂಬಳ ಕಡಿಮೆ, ಆದರೆ ಮಾಲೀಕರೇ ಎದುರು ಕೂತು ಮಾತಾಡುತ್ತಾರೆ. ಇನ್ನು ಒಳಗೆ ಕೆಲಸ ಮಾಡುವವರ ರೆಫರಲ್. ಧಾರವಾಡದಲ್ಲಿ ಒಟ್ಟಿಗೆ ಓದಿ, ಎರಡು ವರ್ಷ ಮೊದಲೇ ಬಿಟ್ಟು ಬೆಂಗಳೂರು ಸೇರಿದವರು ಈ ವಿಷಯದಲ್ಲಿ ಎಲ್ಲರಿಗಿಂತ ಉಪಕಾರಿಗಳು. ಸವಿತಾ ಆಮೇಲೆ ಹೊಸದಾಗಿ ಹಾಕಿದ ಒಂಬತ್ತು ಅರ್ಜಿಗಳು ಈ ಬಾಗಿಲುಗಳಿಗೆ ಹೋದವು, ಮೂರು ಕಡೆಯಿಂದ ಕರೆ ಬಂತು.

ರೆಸ್ಯೂಮೆಯ ಒಂದು ಸಾಲು

ಮೊದಲ ರೆಸ್ಯೂಮೆಯಲ್ಲಿ 2019ರ ಪದವಿಯ ನಂತರ ನೇರವಾಗಿ ‘ಹವ್ಯಾಸಗಳು’ ಬರುತ್ತಿತ್ತು. ಖಾಲಿ ಬಿಟ್ಟ ಐದು ವರ್ಷವನ್ನು ಓದುಗರು ತಮಗೆ ತೋಚಿದಂತೆ ತುಂಬಿಕೊಳ್ಳುತ್ತಾರೆ, ಕಾಯಿಲೆ, ಮನೆಯ ತೊಂದರೆ, ಯಾವುದೋ ಕೆಲಸದಿಂದ ತೆಗೆದುಹಾಕಿದ್ದು ಇತ್ಯಾದಿ. ಎರಡನೆಯ ರೆಸ್ಯೂಮೆಯಲ್ಲಿ ಗೆಳತಿಯೊಬ್ಬಳ ಸಲಹೆಯಂತೆ ‘2019–2024: ನಾಗರಿಕ ಸೇವೆಗಳ ತಯಾರಿ’ ಎಂದು ಬರೆದಳು. ಇದರಲ್ಲಿ ಸುಳ್ಳಿಲ್ಲ, ಪರಿಶೀಲಿಸಬಹುದಾದ ವಿಷಯವೂ ಇಲ್ಲ. ಐದು ವರ್ಷ ಕೂತು ಓದಿದವರೂ ಇದನ್ನೇ ಬರೆಯುತ್ತಾರೆ, ವರ್ಷಕ್ಕೊಂದು ಅರ್ಜಿ ಹಾಕಿ ಮನೆಯಲ್ಲಿದ್ದವರೂ ಇದನ್ನೇ ಬರೆಯುತ್ತಾರೆ.

ಇನ್ನೊಂದು ಸಲಹೆ ಅಪಾಯದ್ದು: ‘ಯಾವುದಾದರೂ ಅಂಗಡಿಯವರಿಂದ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಬಿಡು.’ ಇದು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಮುಂದೆ ನೋಡೋಣ.

ಕೊನೆಗೆ ನಿಂತ ರೂಪ ಇದು. ರೆಸ್ಯೂಮೆ ಇಂಗ್ಲಿಷ್‌ನಲ್ಲಿತ್ತು, ಸಾರ ಹೀಗಿದೆ:

ಜೂನ್ 2019 – ಡಿಸೆಂಬರ್ 2024: ಸರ್ಕಾರಿ ನೇಮಕಾತಿ ಪರೀಕ್ಷೆಗಳಿಗೆ ತಯಾರಿ, ಧಾರವಾಡ. ಬರೆದ ಪರೀಕ್ಷೆಗಳು: ಎಫ್‌ಡಿಎ (2021), ಪಿಎಸ್‌ಐ (2021, ಮರುಪರೀಕ್ಷೆ 2024), ಕೆಎಎಸ್ ಪೂರ್ವಭಾವಿ (2024, ಮರುಪರೀಕ್ಷೆಯೂ ಸೇರಿ). ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿ ತೇರ್ಗಡೆ (2022).

ಇದೇ ಅವಧಿಯಲ್ಲಿ, ಸಂಬಳವಿಲ್ಲದೆ: 60 ಸೀಟಿನ ರೀಡಿಂಗ್ ರೂಮ್‌ನ ಶುಲ್ಕದ ಲೆಕ್ಕ, 14 ತಿಂಗಳು, ದಿನಕ್ಕೆ 2 ಗಂಟೆ.

ಇಲ್ಲಿ ಏನಿಲ್ಲ ಎಂಬುದನ್ನೂ ಗಮನಿಸಬೇಕು. ಸಂವಿಧಾನ, ಭೂಗೋಳ, ಕರ್ನಾಟಕದ ಇತಿಹಾಸ ಎಂದು ಓದಿದ ವಿಷಯಗಳ ಪಟ್ಟಿ ಇಲ್ಲ; ಬಿಲ್ ಪಾವತಿ ವಿಭಾಗದವರಿಗೆ ಅದರಿಂದ ಏನೂ ಆಗಬೇಕಿಲ್ಲ. ‘ಶಿಸ್ತು, ತಾಳ್ಮೆ, ಛಲ ಕಲಿತೆ’ ಎಂಬುದೂ ಇಲ್ಲ. ಪಾಸಾದದ್ದನ್ನು ಪಾಸಾದಷ್ಟೇ ಹೇಳಿದೆ. ಪೂರ್ವಭಾವಿಯಲ್ಲಿ ನಿಂತು ‘ಮುಖ್ಯ ಪರೀಕ್ಷೆ ಬರೆದಿದ್ದೇನೆ’ ಎನ್ನುವವರಿದ್ದಾರೆ. ಕೆಪಿಎಸ್‌ಸಿ ಅರ್ಹರ ಪಟ್ಟಿಯನ್ನು ನೋಂದಣಿ ಸಂಖ್ಯೆಯೊಂದಿಗೆ ಪ್ರಕಟಿಸುತ್ತದೆ, ಪ್ರವೇಶಪತ್ರ ತೋರಿಸಿ ಎಂದರೆ ಅಲ್ಲಿಗೆ ಮುಗಿಯಿತು.

ರೀಡಿಂಗ್ ರೂಮ್‌ನ ಸಾಲನ್ನು ಸವಿತಾ ಬರೆಯಲು ಒಪ್ಪಿರಲಿಲ್ಲ. ಶುಲ್ಕ ಮಾಫಿ ಮಾಡುತ್ತಾರೆಂದು ಸಂಜೆ ಹೊತ್ತು ಮಾಡಿದ ಕೆಲಸ, ಅದೇನು ದೊಡ್ಡದು ಎನ್ನುವುದು ಆಕೆಯ ಮಾತು. ಆದರೆ 60 ಜನರ ತಿಂಗಳ ಶುಲ್ಕ, ಯಾರದು ಬಾಕಿ, ಯಾರದು ಮುಂಗಡ, ಯುಪಿಐಯಲ್ಲಿ ಬಂದದ್ದನ್ನು ರಿಜಿಸ್ಟರ್‌ಗೆ ತಾಳೆ ಮಾಡುವುದು ಇವೆಲ್ಲ ಆಕೆ ಅರ್ಜಿ ಹಾಕಿದ ಕೆಲಸಕ್ಕೆ ತೀರಾ ಹತ್ತಿರ. ಒಂದೇ ಎಚ್ಚರಿಕೆ: ಇದನ್ನು ‘ಮ್ಯಾನೇಜರ್’ ಎಂದು ಹಿಗ್ಗಿಸಬಾರದು, ‘ಉದ್ಯೋಗ’ದ ಕಾಲಂನಲ್ಲಿ ಹಾಕಬಾರದು. ಆ ಕಾಲಂನಲ್ಲಿ ಹಾಕಿದರೆ ಪೇಸ್ಲಿಪ್, ರಿಲೀವಿಂಗ್ ಲೆಟರ್ ಕೇಳುತ್ತಾರೆ. ಬೇರೆ ಶೀರ್ಷಿಕೆಯಡಿ ಬರೆದು, ಕೇಳಿದರೆ ಮಾಲೀಕರ ಫೋನ್ ನಂಬರ್ ಕೊಡುತ್ತೇನೆ ಎಂದರೆ ಸಾಕು.

ನವೆಂಬರ್‌ನ ಸಂದರ್ಶನ

ಮೊದಲ ಸಂದರ್ಶನದಲ್ಲಿ ‘ಇಷ್ಟು ವರ್ಷ ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ಸವಿತಾ ಸುಮಾರು ಏಳು ನಿಮಿಷ ಮಾತಾಡಿದಳು. ಸೋರಿಕೆ, ಅಕ್ರಮ, ರದ್ದು, ಕೋರ್ಟು, ಅನುವಾದ. ಎಲ್ಲವೂ ನಿಜವೇ. ಒಂದೇ ನೇಮಕಾತಿಯ ಪರೀಕ್ಷೆಗೂ ಅದರ ಮರುಪರೀಕ್ಷೆಗೂ ನಡುವೆ ಎರಡು ವರ್ಷ ಮೂರೂವರೆ ತಿಂಗಳು ಕಳೆದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ಎದುರು ಕೂತವರು ಅಳೆಯುತ್ತಿದ್ದದ್ದು ಬೇರೆ. ಏಳು ನಿಮಿಷವೂ ತನಗಾದ ಅನ್ಯಾಯವನ್ನೇ ಹೇಳುವವಳ ಮನಸ್ಸು ಇನ್ನೂ ಆ ಪರೀಕ್ಷೆಯಲ್ಲೇ ಇದೆ ಎಂದು ಅವರು ಲೆಕ್ಕ ಹಾಕುತ್ತಾರೆ.

ಕೆಲಸ ಕೆಟ್ಟದ್ದು ಅದರ ನಂತರದ ಪ್ರಶ್ನೆಯಲ್ಲಿ.

‘ಕೆಎಎಸ್ ಮರುಪರೀಕ್ಷೆ ಮುಂದಿನ ತಿಂಗಳು ಇದೆಯಲ್ಲ, ಬರೀತೀರಾ?’

‘ನೋಡ್ಬೇಕು ಸರ್… ಇನ್ನೂ ಡಿಸೈಡ್ ಮಾಡಿಲ್ಲ.’

ಸರ್ಕಾರಿ ಪರೀಕ್ಷೆಗೆ ಓದಿದವರ ಬಗ್ಗೆ ಕಂಪನಿಗಳಿಗಿರುವ ನಿಜವಾದ ಅಂಜಿಕೆ ಇದು. ಕಳೆದುಹೋದ ವರ್ಷಗಳಿಗಿಂತ ಮುಂದಿನ ಆರು ತಿಂಗಳ ಚಿಂತೆ ಅವರಿಗೆ ದೊಡ್ಡದು. ಹೊಸಬರಿಗೆ ಕೆಲಸ ಕಲಿಸಲು ತಂಡದ ಹಿರಿಯರೊಬ್ಬರ ಸಮಯ ಹೋಗುತ್ತದೆ. ಕಲಿತು ಕೈಗೆ ಬರುವ ಹೊತ್ತಿಗೆ ಆಯ್ಕೆಪಟ್ಟಿ ಬಂತೆಂದು ಹೊರಟರೆ ಎಲ್ಲ ಮೊದಲಿನಿಂದ. ಬೆಂಗಳೂರಿನಲ್ಲಿ ಇಂಥ ಅನುಭವವಾದ ಮ್ಯಾನೇಜರ್‌ಗಳು ಸಾಕಷ್ಟಿದ್ದಾರೆ, ಕೆಪಿಎಸ್‌ಸಿ ಸುದ್ದಿಯನ್ನು ಅವರೂ ಓದುತ್ತಾರೆ.

ಸವಿತಾಳಿಗೆ ಆಗ 26. ‘ವಯಸ್ಸಿನ ಮಿತಿ ಮುಗಿಯಿತು, ಇನ್ನು ಬರೆಯಲಾಗದು’ ಎನ್ನುವ ಸುಲಭದ ಉತ್ತರ ಆಕೆಯ ಕೈಯಲ್ಲಿ ಇರಲಿಲ್ಲ.

ಜನವರಿಗೆ ಏನು ಬದಲಾಯಿತು

ಡಿಸೆಂಬರ್ 29ರ ಮರುಪರೀಕ್ಷೆಯನ್ನು ಆಕೆ ಬರೆದಳು. ಜನವರಿಯ ಮೂರನೆಯ ವಾರದಲ್ಲಿ, ಫಲಿತಾಂಶ ಬರುವ ಮೊದಲೇ, ಬೆಂಗಳೂರಿನ ಒಂದು ಬ್ಯಾಕ್ ಆಫೀಸ್‌ನ ಅಕೌಂಟ್ಸ್ ಪೇಯಬಲ್ ತಂಡದ ಸಂದರ್ಶನ ಬಂತು. ಅಂದರೆ ಸರಬರಾಜುದಾರರ ಬಿಲ್ ಪರಿಶೀಲಿಸಿ ಪಾವತಿಗೆ ಕಳಿಸುವ ಕೆಲಸ. ಈ ಸಲ ಉತ್ತರವನ್ನು ಮುಕ್ಕಾಲು ನಿಮಿಷಕ್ಕೆ ಇಳಿಸಲಾಗಿತ್ತು. ಯಾವಾಗಿನಿಂದ ಯಾವಾಗಿನವರೆಗೆ, ಎಲ್ಲಿಯವರೆಗೆ ತಲುಪಿದೆ, ಯಾಕೆ ನಿಲ್ಲಿಸಿದೆ, ನಿಲ್ಲಿಸಿದ ಮೇಲೆ ಏನು ಮಾಡಿದೆ, ಇಷ್ಟೇ.

‘2019ರಲ್ಲಿ ಬಿ.ಕಾಂ ಮುಗಿಸಿ 2024ರ ಡಿಸೆಂಬರ್‌ವರೆಗೆ ಧಾರವಾಡದಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ಓದಿದೆ. ಬ್ಯಾಂಕ್ ಕ್ಲರ್ಕ್ ಪೂರ್ವಭಾವಿ ಪಾಸಾಯಿತು, ಮುಖ್ಯ ಪರೀಕ್ಷೆಯಲ್ಲಿ ಆಗಲಿಲ್ಲ. ಕೆಎಎಸ್ ಪೂರ್ವಭಾವಿಯ ಫಲಿತಾಂಶ ಇನ್ನೂ ಬಂದಿಲ್ಲ, ಉಳಿದವು ಮೊದಲ ಹಂತದಲ್ಲೇ ನಿಂತವು. ಎರಡು ಪರೀಕ್ಷೆಗಳು ರದ್ದಾಗಿ ಮತ್ತೆ ನಡೆದದ್ದರಿಂದ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಈ ವರ್ಷ ಕೆಲಸಕ್ಕೆ ಸೇರಲೇಬೇಕು ಎಂದು ನಿರ್ಧರಿಸಿ ಅಕ್ಟೋಬರ್‌ನಿಂದ ಟ್ಯಾಲಿ, ಎಕ್ಸೆಲ್ ಕಲಿತಿದ್ದೇನೆ. ಮಾಡಿದ ಫೈಲ್ ತಂದಿದ್ದೇನೆ, ತೋರಿಸಲಾ ಮೇಡಂ?’

ಅನ್ಯಾಯದ ಅಧ್ಯಾಯವೆಲ್ಲ ಒಂದೇ ವಾಕ್ಯಕ್ಕೆ ಇಳಿದಿದೆ. ಅದನ್ನು ಪೂರ್ತಿ ಬಿಡಲೂಬಾರದು, ಐದೂವರೆ ವರ್ಷಕ್ಕೆ ಪರೀಕ್ಷೆಗಳ ಸಂಖ್ಯೆ ಯಾಕೆ ಇಷ್ಟು ಕಡಿಮೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ‘ಉಳಿದವು ಮೊದಲ ಹಂತದಲ್ಲೇ ನಿಂತವು’ ಎಂದು ತಾನಾಗಿಯೇ ಹೇಳಿಕೊಳ್ಳುವುದು ಬಾಯಿಗೆ ಕಹಿ. ಆದರೆ ಅದನ್ನು ಹೇಳಿದ ಮೇಲೆ ಕೆದಕಲು ಏನೂ ಉಳಿಯುವುದಿಲ್ಲ.

ನಿರೀಕ್ಷಿಸಿದ ಪ್ರಶ್ನೆಯೇ ಬಂತು: ‘ಫಲಿತಾಂಶ ಬಂದು ಆಯ್ಕೆಯಾದರೆ ಹೋಗಿಬಿಡ್ತೀರಲ್ಲ?’

ಇಲ್ಲಿ ಎರಡು ಕೆಟ್ಟ ಉತ್ತರಗಳಿವೆ. ‘ಖಂಡಿತ ಹೋಗಲ್ಲ’ ಎಂದರೆ ಯಾರೂ ನಂಬುವುದಿಲ್ಲ. ‘ದೇವರ ಇಚ್ಛೆ’ ಎಂದರೆ ನವೆಂಬರ್‌ನ ಕಥೆಯೇ. ಸವಿತಾ ಹೇಳಿದ್ದು ಹೀಗೆ: ‘ಬಾಕಿ ಇರುವುದು ಕೆಎಎಸ್ ಪೂರ್ವಭಾವಿ ಒಂದೇ. ಉತ್ತರಗಳನ್ನು ತಾಳೆ ನೋಡಿದ್ದೇನೆ, ಆಗುವ ಲಕ್ಷಣ ಇಲ್ಲ. ಆದರೂ ಪಾಸಾದರೆ ಮುಂದೆ ಮುಖ್ಯ ಪರೀಕ್ಷೆ, ಸಂದರ್ಶನ ಇವೆ. ಅದು ಒಂದೆರಡು ತಿಂಗಳ ಮಾತಲ್ಲ. ಬೇರೆ ಯಾವ ಪರೀಕ್ಷೆಗೂ ಅರ್ಜಿ ಹಾಕಿಲ್ಲ. ರೀಡಿಂಗ್ ರೂಮ್ ಸೀಟು ಬಿಟ್ಟಾಗಿದೆ.’

ಈ ಉತ್ತರದ ಬಲ ಇರುವುದು ಭರವಸೆಯಲ್ಲಲ್ಲ, ಲೆಕ್ಕದಲ್ಲಿ. ಬಾಕಿ ಅರ್ಜಿ ಎಷ್ಟು, ಯಾವ ಹಂತದಲ್ಲಿದೆ, ಕೆಟ್ಟಪಕ್ಷ ಎಷ್ಟು ಸಮಯ, ಎಲ್ಲ ಹೇಳಿದೆ. ಹೇಳಿದ ಮೇಲೆ ಅದು ನಿಜವೂ ಆಗಿರಬೇಕು. ಹಿಂದಿನ ವಾರವಷ್ಟೇ ಇನ್ನೊಂದು ನೇಮಕಾತಿಗೆ ಶುಲ್ಕ ಕಟ್ಟಿ, ಇಲ್ಲಿ ‘ಬೇರೇನೂ ಇಲ್ಲ’ ಎಂದರೆ ಮೂರು ತಿಂಗಳಾದ ಮೇಲೆ ಪರೀಕ್ಷೆಗೆ ರಜೆ ಕೇಳುವಾಗ ಬಣ್ಣ ಬಯಲಾಗುತ್ತದೆ. ಬರೆಯುವ ಮನಸ್ಸು ಇನ್ನೂ ಇದ್ದರೆ ‘ಭಾನುವಾರ ನಡೆಯುವ ಪರೀಕ್ಷೆ ಬರೆಯುತ್ತೇನೆ, ಓದಲು ದೀರ್ಘ ರಜೆ ಕೇಳುವುದಿಲ್ಲ’ ಎನ್ನಬಹುದು. ಕೆಲವರು ಅದಕ್ಕೂ ಒಪ್ಪುತ್ತಾರೆ.

ಕೈಯಲ್ಲಿ ತೋರಿಸಿದ್ದು

ಹತ್ತು ವಾರ, ದಿನಕ್ಕೆ ಎರಡು ಗಂಟೆ ಕಲಿತದ್ದು ಬಹಳವೇನಲ್ಲ. ಆದರೆ ಕೋರ್ಸ್‌ನ ಸರ್ಟಿಫಿಕೇಟ್ ತೋರಿಸುವುದಕ್ಕಿಂತ ಒಂದು ಫೈಲ್ ತೋರಿಸುವುದು ಮೇಲು, ಏಕೆಂದರೆ ಸಂದರ್ಶಕರ ಎರಡನೆಯ ಅನುಮಾನ ಕೈ ತುಕ್ಕು ಹಿಡಿದಿದೆಯೇ ಎಂಬುದು. ಸವಿತಾ 200 ಸಾಲುಗಳ ಕಾಲ್ಪನಿಕ ಬಿಲ್ ಪಟ್ಟಿಯೊಂದನ್ನು ಎಕ್ಸೆಲ್‌ನಲ್ಲಿ ಮಾಡಿಕೊಂಡಿದ್ದಳು. ಎ ಕಾಲಂನಲ್ಲಿ ಸರಬರಾಜುದಾರರ ಕೋಡ್, ಬಿ ಕಾಲಂನಲ್ಲಿ ಬಿಲ್ ಸಂಖ್ಯೆ, ಡಿ ಕಾಲಂನಲ್ಲಿ ಮೊತ್ತ. ಒಂದೇ ಬಿಲ್ ಎರಡು ಸಲ ಬಂದಿದೆಯೇ ಎಂದು ಹಿಡಿಯಲು ಪಕ್ಕದ ಕಾಲಂನಲ್ಲಿ ಈ ಸೂತ್ರ:

```
=COUNTIFS(A:A,A2,B:B,B2,D:D,D2)
```

ಉತ್ತರ 1ಕ್ಕಿಂತ ಹೆಚ್ಚಾದ ಸಾಲುಗಳು ಅನುಮಾನದವು. ಸಂದರ್ಶಕಿ ತಕ್ಷಣ ಕೇಳಿದ್ದು, ‘ಬಿಲ್ ನಂಬರ್‌ನಲ್ಲಿ ಒಂದು ಕಡೆ ಅಡ್ಡಗೆರೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ?’ ಸೂತ್ರ ಅದನ್ನು ಹಿಡಿಯುವುದಿಲ್ಲ. ಮೊದಲು ಗೆರೆ, ಖಾಲಿ ಜಾಗಗಳನ್ನು ತೆಗೆದು ಸಂಖ್ಯೆಗಳನ್ನು ಒಂದೇ ರೂಪಕ್ಕೆ ತರಬೇಕು. ಸವಿತಾಳಿಗೆ ಅದು ಹೊಳೆಯಲು ಅರ್ಧ ನಿಮಿಷ ಹಿಡಿಯಿತು, ಆದರೆ ಹೊಳೆಯಿತು. ನಂತರ ಖರೀದಿ ಆದೇಶ, ಸರಕು ಬಂದ ರಸೀದಿ, ಬಿಲ್ ಈ ಮೂರನ್ನೂ ತಾಳೆ ನೋಡುವ ಬಗ್ಗೆ ಪ್ರಶ್ನೆಗಳು ಬಂದವು. ಆದೇಶ 100 ನಗಕ್ಕೆ, ಬಂದದ್ದು 90, ಬಿಲ್ 100ಕ್ಕೆ ಎಂದಿದ್ದರೆ ಏನು ಮಾಡುತ್ತೀರಿ? ಬಿಲ್ ತಡೆಹಿಡಿದು ಖರೀದಿ ವಿಭಾಗವನ್ನು ಕೇಳುತ್ತೇನೆ ಎಂದಳು. ಸಂದರ್ಶನದ ಅರ್ಧಕ್ಕಿಂತ ಹೆಚ್ಚು ಹೊತ್ತು ಗ್ಯಾಪ್ ಬಿಟ್ಟು ಕೆಲಸದ ಮಾತೇ ನಡೆಯಿತು. ಫೈಲ್ ಒಯ್ದದ್ದರ ಲಾಭ ಇದೇ.

ಸಂಬಳದ ಮಾತು ಚಿಕ್ಕದಾಗಿ ಮುಗಿಯಿತು. 2019ರ ಸಹಪಾಠಿಗಳು ಈಗ ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ಮುಂದಿಟ್ಟರೆ ಪ್ರಯೋಜನವಿಲ್ಲ, ಕಂಪನಿಯ ಲೆಕ್ಕದಲ್ಲಿ ಇವಳು ಫ್ರೆಷರ್. ವರ್ಷಕ್ಕೆ 2.8 ಲಕ್ಷ, ಏಜೆನ್ಸಿಯ ಪೇರೋಲ್, 11 ತಿಂಗಳ ಗುತ್ತಿಗೆ.

ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಎದ್ದ ತೊಡಕು

ಆಫರ್ ಕೈಗೆ ಬಂದ ಮೇಲೆ ತುಂಬಬೇಕಾದ ಫಾರ್ಮ್‌ನಲ್ಲಿ ಪದವಿಯಿಂದ ಇಲ್ಲಿಯವರೆಗಿನ ಪ್ರತಿ ಅವಧಿಗೂ ಲೆಕ್ಕ ಕೇಳುತ್ತಾರೆ. ಯುಎಎನ್, ಅಂದರೆ ಭವಿಷ್ಯನಿಧಿಯ ಸಂಖ್ಯೆ, ಇದ್ದರೆ ಅದನ್ನೂ ಬರೆಯಬೇಕು. ಸವಿತಾ ‘ಇಲ್ಲ’ ಎಂದು ಬರೆಯುವವಳಿದ್ದಳು. ತುಂಬುವ ಮೊದಲು ಯಾವತ್ತಾದರೂ ಪಿಎಫ್ ಕಟ್ ಆಗಿತ್ತೇ ಎಂದು ಕೇಳಿದಾಗ ನೆನಪಾಯಿತು. 2020ರಲ್ಲಿ, ಕೊರೊನಾದಿಂದ ಪರೀಕ್ಷೆಗಳೆಲ್ಲ ನಿಂತಿದ್ದಾಗ, ಊರಿನ ಹತ್ತಿರದ ಸಾಲ ಕೊಡುವ ಖಾಸಗಿ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದಳು. ರೆಸ್ಯೂಮೆಯಲ್ಲಿ ಅದು ಇರಲೇ ಇಲ್ಲ.

ಇಪಿಎಫ್‌ಒ ತಾಣದಲ್ಲಿ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೆರೆದರೆ ಸಂಸ್ಥೆಯ ಹೆಸರು, ಸೇರಿದ ದಿನಾಂಕ, ಬಿಟ್ಟ ದಿನಾಂಕ ಕಾಣುತ್ತವೆ. ಪರಿಶೀಲಿಸುವವರೂ ನೋಡುವುದು ಇದನ್ನೇ. ಮೇಲೆ ಹೇಳಿದ ನಕಲಿ ಅನುಭವಪತ್ರ ಬೀಳುವುದೂ ಇಲ್ಲೇ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಎರಡು ವರ್ಷ ದುಡಿದೆ ಎನ್ನುವವರ ಪಿಎಫ್ ದಾಖಲೆ ಖಾಲಿಯಿದ್ದರೆ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ ಎನ್ನುತ್ತಾರೆ, ಅದು ಎಲ್ಲಿಂದ ಬರಬೇಕು? ಸೇರಿದ ಮೇಲೆ ಸಿಕ್ಕಿಬಿದ್ದರೂ ಕೆಲಸದಿಂದ ತೆಗೆಯುತ್ತಾರೆ.

ಸವಿತಾಳದು ಮುಚ್ಚಿಟ್ಟದ್ದಲ್ಲ, ಮರೆತದ್ದು. ಆದರೆ ಫಾರ್ಮ್ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಫಾರ್ಮ್ ಕಳಿಸುವ ಮೊದಲೇ ಎಚ್‌ಆರ್‌ಗೆ ಇಮೇಲ್ ಬರೆದಳು: 2020ರಲ್ಲಿ ಎರಡು ತಿಂಗಳು ಇಂಥ ಕಡೆ ಕೆಲಸ ಮಾಡಿದ್ದೆ, ರೆಸ್ಯೂಮೆಯಲ್ಲಿ ಬಿಟ್ಟುಹೋಗಿದೆ, ತಿದ್ದಿದ ಪ್ರತಿ ಲಗತ್ತಿಸಿದ್ದೇನೆ. ರಿಲೀವಿಂಗ್ ಲೆಟರ್ ಇರಲಿಲ್ಲ. ಬಿಟ್ಟ ದಿನಾಂಕ ದಾಖಲೆಯಲ್ಲಿ ಇದ್ದದ್ದರಿಂದ ಅಷ್ಟಕ್ಕೇ ಒಪ್ಪಿದರು. ಹಳೆಯ ಸಂಸ್ಥೆ ಬಿಟ್ಟ ದಿನಾಂಕವನ್ನೇ ನಮೂದಿಸದೆ ಇರುವುದೂ ಉಂಟು. ಹಾಗಿದ್ದರೆ ಇನ್ನೂ ಅಲ್ಲೇ ಕೆಲಸದಲ್ಲಿದ್ದಂತೆ ಕಾಣುತ್ತದೆ, ಅದನ್ನು ಸದಸ್ಯರ ಲಾಗಿನ್‌ನಿಂದ ಮೊದಲು ಸರಿಪಡಿಸಿಕೊಳ್ಳಬೇಕು.

ಉಳಿದ ಅವಧಿಗೆ ಪುರಾವೆ ಕೇಳಿದಾಗ ಪ್ರವೇಶಪತ್ರಗಳು, ಕೋಚಿಂಗ್ ಶುಲ್ಕದ ರಸೀದಿ, ಐಬಿಪಿಎಸ್ ಅಂಕಪಟ್ಟಿ ಕೊಡಬೇಕಾಯಿತು. ಐಬಿಪಿಎಸ್ ಅಂಕಪಟ್ಟಿಯ ಲಿಂಕ್ ಕೆಲವು ದಿನ ಮಾತ್ರ ತೆರೆದಿರುತ್ತದೆ, 2022ರದ್ದನ್ನು 2025ರಲ್ಲಿ ತೆಗೆಯಲು ಬರುವುದಿಲ್ಲ. ಸವಿತಾಳ ಹತ್ತಿರ ಇದ್ದದ್ದು ಆಗ ಗೆಳತಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಒಂದು ಸ್ಕ್ರೀನ್‌ಶಾಟ್. ಹೇಗೋ ನಡೆಯಿತು. ಈಗ ಓದುತ್ತಿರುವವರು ಪ್ರತಿ ಪರೀಕ್ಷೆಯ ಪ್ರವೇಶಪತ್ರ, ಅಂಕಪಟ್ಟಿಗಳ ಪಿಡಿಎಫ್ ಅನ್ನು ಅಂದಂದೇ ತಮ್ಮ ಇಮೇಲ್‌ಗೆ ಕಳಿಸಿಕೊಂಡರೆ ಈ ಪರದಾಟ ಇರುವುದಿಲ್ಲ.

ಕೊನೆಯದು ಗ್ಯಾಪ್ ಅಫಿಡವಿಟ್. ಎಲ್ಲ ಕಂಪನಿಗಳೂ ಕೇಳುವುದಿಲ್ಲ, ಈ ಏಜೆನ್ಸಿ ಕೇಳಿತು. ಇ-ಸ್ಟ್ಯಾಂಪ್ ಕಾಗದದ ಮೇಲೆ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಪರೀಕ್ಷಾ ತಯಾರಿಯಲ್ಲಿದ್ದೆ, ಆ ಅವಧಿಯಲ್ಲಿ ಬೇರೆಲ್ಲೂ ಉದ್ಯೋಗದಲ್ಲಿ ಇರಲಿಲ್ಲ ಎಂದು ಬರೆಸಿ ನೋಟರಿ ಮಾಡಿಸಬೇಕು. ಟೈಪ್ ಮಾಡುವವರು ತಮ್ಮ ಹಳೆಯ ನಮೂನೆಯಲ್ಲಿ ಹೆಸರು, ದಿನಾಂಕ ಮಾತ್ರ ಬದಲಿಸಿ ಕೊಡುತ್ತಾರೆ. ಸವಿತಾಳ ಮೊದಲ ಪ್ರತಿಯಲ್ಲಿ ‘2019ರಿಂದ 2024ರವರೆಗೆ ಎಲ್ಲಿಯೂ ಉದ್ಯೋಗ ಮಾಡಿಲ್ಲ’ ಎಂದು ಬಂದಿತ್ತು. 2020ರ ಎರಡು ತಿಂಗಳು ಇರುವಾಗ ಅದು ಪ್ರಮಾಣ ಮಾಡಿ ಹೇಳಿದ ಸುಳ್ಳಾಗುತ್ತದೆ. ‘2020ರ ಎರಡು ತಿಂಗಳ ಉದ್ಯೋಗವೊಂದನ್ನು ಬಿಟ್ಟು’ ಎಂದು ಸೇರಿಸಿ ಹೊಸ ಕಾಗದದ ಮೇಲೆ ಮತ್ತೆ ಮಾಡಿಸಬೇಕಾಯಿತು. ಏಜೆನ್ಸಿಗೆ ಸ್ಕ್ಯಾನ್ ಮಾಡಿದ ಪ್ರತಿ ಸಾಕಾಯಿತು. ಗುತ್ತಿಗೆ ಮುಗಿದು ಮುಂದಿನ ಕಂಪನಿಗೆ ಹೋಗುವಾಗ ಮತ್ತೆ ಕೇಳಬಹುದೆಂದು ಮೂಲ ಪ್ರತಿಯನ್ನು ಆಕೆ ಬಿ.ಕಾಂ ಅಂಕಪಟ್ಟಿಗಳ ಜೊತೆಗೇ ಇಟ್ಟುಕೊಂಡಿದ್ದಾಳೆ.